ಅಡಿಕೆ ಎಲೆಯ ಚುಕ್ಕೆ ಎಷ್ಟು? ಮೊಬೈಲಿನಲ್ಲೇ ಲೆಕ್ಕ ಹಾಕುವ ಬಗೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಳೆಗಾಲದಲ್ಲಿ ಯಾವ ತೋಟಕ್ಕೆ ಹೋದರೂ ಈಗ ಮೊದಲು ಬರುವ ಮಾತು ಎಲೆಚುಕ್ಕೆ ರೋಗದ್ದು. ಅಡಿಕೆ ಸೋಗೆಯ ಗರಿಗಳ ಮೇಲೆ ಸಣ್ಣ ಕಂದು ಚುಕ್ಕೆಗಳು ಬಂದು, ಸುತ್ತ ಹಳದಿ ಉಂಗುರ ಕಟ್ಟಿ, ಒಂದಕ್ಕೊಂದು ಕೂಡಿಕೊಂಡು ಗರಿಯೇ ಒಣಗುತ್ತದೆ. 2022ರ ಮಳೆಗಾಲದಲ್ಲಿ ಇದು ಮಲೆನಾಡಿನಲ್ಲೆಲ್ಲ ಜೋರಾಗಿ ಹರಡಿದ್ದು ನಮ್ಮಲ್ಲಿ ಹೆಚ್ಚಿನವರಿಗೆ ನೆನಪಿರಬೇಕು. ಆದರೆ "ರೋಗ ಎಷ್ಟಿದೆ?" ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಉತ್ತರ ಹೇಳುತ್ತಾರೆ.

ನನ್ನ ಮಾಮು ಅಡಿಕೆ ತೋಟಗಳನ್ನು ಚೇಣಿಗೆ ಹಿಡಿಯುತ್ತಾರೆ. ಎಂದರೆ ಮರದ ಮೇಲಿರುವ ಫಸಲಿಗೆ ಮೊದಲೇ ಬೆಲೆ ಮಾತಾಡಿಕೊಂಡು, ಕೊನೆ ಇಳಿಸುವುದರಿಂದ ಹಿಡಿದು ಉಳಿದ ಎಲ್ಲ ಖರ್ಚನ್ನೂ ತಾವೇ ನೋಡಿಕೊಳ್ಳುತ್ತಾರೆ. ತೋಟ ನೋಡುವಾಗ ಮಾಮು, "ಅರ್ಧ ಎಲೆ ಹೋಗಿದೆ ಗೌಡ್ರೇ" ಎನ್ನುತ್ತಾರೆ. ತೋಟದವರು, "ಎಲ್ಲಿ ಹೋಗಿದೆ ಸಾಬ್ರೇ, ನಾಲ್ಕು ಚುಕ್ಕೆ ಬಿದ್ದಿದೆ ಅಷ್ಟೇ ಮಾರಾಯ್ರೆ" ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಚುಕ್ಕೆ ಸಣ್ಣದಾಗಿದ್ದು ಸಂಖ್ಯೆ ಹೆಚ್ಚಿದ್ದರೆ ಮನುಷ್ಯನ ಕಣ್ಣು ರೋಗದ ಪ್ರಮಾಣವನ್ನು ಇರುವುದಕ್ಕಿಂತ ಜಾಸ್ತಿ ಅಂದಾಜು ಮಾಡುತ್ತದೆ. ಸಸ್ಯರೋಗ ಅಧ್ಯಯನ ಮಾಡುವವರಿಗೆ ಇದು ಹಳೆಯ ತಲೆನೋವು. 1945ರಲ್ಲೇ ಅಮೆರಿಕದ ಹಾರ್ಸ್‌ಫಾಲ್ ಮತ್ತು ಬ್ಯಾರಟ್ ಎಂಬ ಇಬ್ಬರು, ಕಣ್ಣಂದಾಜನ್ನು ಒಂದು ಹದಕ್ಕೆ ತರಲೆಂದು 12 ದರ್ಜೆಗಳ ಅಳತೆಪಟ್ಟಿಯನ್ನು ಮಾಡಿದ್ದರು.

ಕಣ್ಣಿನ ಬದಲು ಕ್ಯಾಮೆರಾದಿಂದ ಅಳೆಯಬಹುದು. ಎಲೆಯ ಫೋಟೊದಲ್ಲಿ ಹಸಿರು ಚುಕ್ಕಿಗಳು, ಅಂದರೆ ಪಿಕ್ಸೆಲ್‌ಗಳು, ಎಷ್ಟು ಮತ್ತು ಕಂದು-ಹಳದಿ ಪಿಕ್ಸೆಲ್‌ಗಳು ಎಷ್ಟು ಎಂದು ಎಣಿಸಿದರೆ ಶೇಕಡಾವಾರು ತಾನೇ ಬರುತ್ತದೆ. ಇದಕ್ಕೆ ಲ್ಯಾಪ್‌ಟಾಪ್ ಬೇಕಿಲ್ಲ, ತೋಟದಲ್ಲಿ ನೆಟ್‌ವರ್ಕೂ ಬೇಕಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡರೆ ಅದರೊಳಗೇ ಪೈಥಾನ್ ಓಡುತ್ತದೆ. ನಾನು ಓದುತ್ತಿರುವುದು ಕಾಮರ್ಸ್, ಕಂಪ್ಯೂಟರ್ ಸೈನ್ಸ್ ಅಲ್ಲ. ಕೆಳಗಿನ ಇಪ್ಪತ್ತು ಸಾಲಿನ ಒಳಗಿನ ಪ್ರೋಗ್ರಾಂ ಯಾರಿಗಾದರೂ ಅರ್ಥವಾಗುವಂಥದ್ದು.

ಟರ್ಮಕ್ಸ್ ಎಂದರೆ ಫೋನಿನೊಳಗೆ ಒಂದು ಪುಟ್ಟ ಲಿನಕ್ಸ್. ತೆರೆದರೆ ಕಪ್ಪು ಪರದೆ ಬರುತ್ತದೆ, ಅದರಲ್ಲಿ ಆಜ್ಞೆಗಳನ್ನು ಟೈಪ್ ಮಾಡಬೇಕು. ಅದನ್ನು ಎಫ್-ಡ್ರಾಯ್ಡ್ ಎಂಬ ತಾಣದಿಂದ ಇಳಿಸಿಕೊಳ್ಳುವುದು ಒಳ್ಳೆಯದು. ಬೇರೆ ಬೇರೆ ಕಡೆಯ ಟರ್ಮಕ್ಸ್‌ಗಳು ಒಂದಕ್ಕೊಂದು ಹೊಂದುವುದಿಲ್ಲ, ಹಳೆಯದು ಸಿಕ್ಕಿಬಿಟ್ಟರೆ ಮುಂದಿನ ಹಂತದಲ್ಲೇ ನಿಂತುಹೋಗುತ್ತದೆ. ಮನೆಯಲ್ಲಿ ವೈಫೈ ಇರುವಾಗ ಅಥವಾ ಪೇಟೆಯಲ್ಲಿ ಸಿಗ್ನಲ್ ಚೆನ್ನಾಗಿರುವಾಗ ಈ ಕೆಲಸ ಮುಗಿಸಿಕೊಳ್ಳಿ:

```
pkg update
pkg install python python-pillow
termux-setup-storage
mkdir ~/storage/shared/ele
```

ಎರಡನೇ ಸಾಲಿನ `python-pillow` ಎಂಬುದು ಫೋಟೊ ತೆರೆದು ಓದುವ ಭಾಗ. ಪೈಥಾನ್ ಕಲಿತವರು ಅಭ್ಯಾಸಬಲದಿಂದ `pip install pillow` ಎಂದು ಹೊಡೆಯುತ್ತಾರೆ. ಟರ್ಮಕ್ಸ್‌ನಲ್ಲಿ ಹಾಗೆ ಮಾಡಿದರೆ ಫೋನು ಅದನ್ನು ಮೂಲದಿಂದ ಕಟ್ಟಲು ಹೊರಟು, ಉದ್ದುದ್ದ ಕೆಂಪು ಅಕ್ಷರಗಳನ್ನು ಕಾರಿ ಸುಮ್ಮನಾಗುವುದೇ ಹೆಚ್ಚು. `pkg` ಮೂಲಕ ಹಾಕಿದರೆ ಸಿದ್ಧವಾಗಿರುವುದು ನೇರವಾಗಿ ಬಂದು ಕೂರುತ್ತದೆ. ಮೂರನೇ ಆಜ್ಞೆ ಕೊಟ್ಟಾಗ ಫೋನು ಅನುಮತಿ ಕೇಳುತ್ತದೆ. ಒಪ್ಪಿದರೆ ಮಾತ್ರ ಟರ್ಮಕ್ಸ್‌ಗೆ ನಮ್ಮ ಫೋಟೊಗಳು ಕಾಣುತ್ತವೆ. ಕೊನೆಯದು `ele` ಎಂಬ ಫೋಲ್ಡರ್ ಮಾಡುತ್ತದೆ. ಎಲೆಯ ಫೋಟೊಗಳನ್ನು ಫೈಲ್ ಮ್ಯಾನೇಜರಿನಿಂದ ಅಲ್ಲಿಗೆ ಹಾಕಬೇಕು.

ಈಗ ಅಳತೆಯ ತಿರುಳಿಗೆ ಬರೋಣ. ಫೋಟೊದಲ್ಲಿ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ ಇರುತ್ತವೆ. "ಹಸಿರು ಅಂಕಿ ಹೆಚ್ಚಿದ್ದರೆ ಒಳ್ಳೆಯ ಎಲೆ" ಎಂದು ನೇರವಾಗಿ ಹೇಳೋಣವೆಂದರೆ ಆಗುವುದಿಲ್ಲ, ಏಕೆಂದರೆ ಬೆಳಕು ಕಡಿಮೆಯಾದರೆ ಮೂರೂ ಅಂಕಿ ಇಳಿಯುತ್ತವೆ, ಹೆಚ್ಚಾದರೆ ಮೂರೂ ಏರುತ್ತವೆ. ಅದಕ್ಕೇ ಬಣ್ಣವನ್ನು ಬೇರೆ ರೀತಿಯಲ್ಲಿ ಬರೆಯುತ್ತಾರೆ. ಒಂದು ಅಂಕಿ ಬಣ್ಣ ಯಾವುದು ಎಂಬುದಕ್ಕೆ, ಒಂದು ಅದು ಎಷ್ಟು ಗಾಢ ಎಂಬುದಕ್ಕೆ, ಇನ್ನೊಂದು ಎಷ್ಟು ಬೆಳಕು ಎಂಬುದಕ್ಕೆ. ಮೊದಲನೆಯದು ಬಳೆಯಂತೆ ಸುತ್ತಿಕೊಂಡ ಕಾಮನಬಿಲ್ಲು ಎಂದುಕೊಳ್ಳಿ. ಪೂರ್ತಿ ಸುತ್ತು 360 ಡಿಗ್ರಿ. ಹಳದಿ 60ರಲ್ಲಿದೆ, ಹಸಿರು 120ರಲ್ಲಿ, ನೀಲಿ 240ರಲ್ಲಿ. ಪೈಥಾನಿನ ಈ ಭಾಗ ಆ 360ನ್ನು 0ಯಿಂದ 255ರೊಳಗೆ ಕುಗ್ಗಿಸಿ ಹೇಳುತ್ತದೆ. ಹಾಗಾಗಿ ಹಳದಿ ಸುಮಾರು 42, ಹಸಿರು 85, ನೀಲಿ 170 ಆಗುತ್ತದೆ. ಕಂದು ಬಣ್ಣ ಹಳದಿಗಿಂತಲೂ ಕೆಳಗೆ, 20ರ ಆಸುಪಾಸಿನಲ್ಲಿರುತ್ತದೆ. ಮೋಡ ಬಂದು ಬೆಳಕು ಇಳಿದರೂ ಈ ಅಂಕಿ ಹೆಚ್ಚು ಕದಲುವುದಿಲ್ಲ.

ಟರ್ಮಕ್ಸ್‌ನಲ್ಲಿ `nano ele.py` ಎಂದು ಕೊಟ್ಟು ಇದನ್ನು ಟೈಪ್ ಮಾಡಿ:

```python
import sys
from PIL import Image

for f in sys.argv[1:]:
    im = Image.open(f)
    im.thumbnail((800, 800))
    h, s, v = im.convert("RGB").convert("HSV").split()
    out = bytearray()
    for a, b in zip(h.tobytes(), s.tobytes()):
        if 130 <= a <= 200 and b > 60:
            out.append(0)
        elif 45 <= a < 130 and b > 50:
            out.append(128)
        else:
            out.append(255)
    g, c = out.count(128), out.count(255)
    print(f, g, c, round(100 * c / (g + c), 1))
    Image.frombytes("L", im.size, bytes(out)).save("m_" + f)
```

ಸಾಲಿನ ಮುಂದಿನ ಖಾಲಿ ಜಾಗ ಪೈಥಾನಿಗೆ ಮುಖ್ಯ. ಇಲ್ಲಿರುವಷ್ಟೇ ಬಿಡಬೇಕು, ಫೋನಿನ ಕೀಬೋರ್ಡು ತಾನೇ ದೊಡ್ಡಕ್ಷರ ಮಾಡುವುದನ್ನು ತಡೆಯಬೇಕು. ಕೀಬೋರ್ಡಿನ ಮೇಲೆ ಟರ್ಮಕ್ಸ್ ಕೊಡುವ ಸಾಲಿನಲ್ಲಿ `CTRL` ಇರುತ್ತದೆ. ಅದನ್ನು ಒತ್ತಿ O, ಎಂಟರ್, ಮತ್ತೆ ಅದನ್ನು ಒತ್ತಿ X. ಉಳಿಯಿತು.

ಪ್ರೋಗ್ರಾಂ ಮಾಡುವುದು ಇಷ್ಟೇ. ಫೋಟೊವನ್ನು ತೆರೆದು, ಉದ್ದನೆಯ ಬದಿ 800 ಪಿಕ್ಸೆಲ್ ಬರುವಷ್ಟು ಚಿಕ್ಕದು ಮಾಡುತ್ತದೆ. ಈಗಿನ ಫೋನುಗಳ ಫೋಟೊದಲ್ಲಿ ಕೋಟಿಗಟ್ಟಲೆ ಪಿಕ್ಸೆಲ್ ಇರುತ್ತವೆ, ಶೇಕಡಾ ತಿಳಿಯಲು ಅಷ್ಟು ಬೇಡ. 800ಕ್ಕೆ 600ರ ಚಿತ್ರದಲ್ಲಿ 4,80,000 ಪಿಕ್ಸೆಲ್ ಸಿಗುತ್ತವೆ, ನಮ್ಮ ಮನೆಯ ಹಳೆಯ ಫೋನಿನಲ್ಲೂ ಒಂದು ಫೋಟೊಗೆ ಒಂದೆರಡು ಸೆಕೆಂಡು ಸಾಕು. ಚಿಕ್ಕದು ಮಾಡುವ ಸಾಲು ಬಣ್ಣ ಬದಲಿಸುವ ಸಾಲಿಗಿಂತ ಮೊದಲು ಇರುವುದು ಬೇಕೆಂದೇ. ಆಗ ಇಡೀ ದೊಡ್ಡ ಚಿತ್ರವನ್ನು ಫೋನಿನ ಮೆಮೊರಿಗೆ ಎಳೆದುಕೊಳ್ಳಬೇಕಾಗಿಲ್ಲ. ಆಮೇಲೆ ಪ್ರತಿ ಪಿಕ್ಸೆಲ್‌ಗೂ ಮೂರು ಪ್ರಶ್ನೆ. ನೀಲಿಯೇ? ಹಾಗಿದ್ದರೆ ಅದು ಹಿನ್ನೆಲೆ, ಬಿಟ್ಟುಬಿಡು. ಹಸಿರೇ? ಒಳ್ಳೆಯ ಎಲೆ. ಎರಡೂ ಅಲ್ಲವೇ? ರೋಗ.

ಹಿನ್ನೆಲೆ ಯಾಕೆ ನೀಲಿ ಎಂದರೆ ಎಲೆಯಲ್ಲಿ ಎಲ್ಲೂ ಇಲ್ಲದ ಬಣ್ಣ ಅದು. ಬಿಳಿ ಹಾಳೆಯ ಮೇಲೆ ಇಟ್ಟರೆ ಚೆಂದ ಕಾಣುತ್ತದೆ ನಿಜ, ಆದರೆ ಚುಕ್ಕೆಯ ನಡುವೆ ಪೂರ್ತಿ ಒಣಗಿದ ಭಾಗ ಬೂದು-ಬಿಳಿಯಾಗಿರುತ್ತದೆ, ಅದೂ ಹಾಳೆಯೂ ಬೇರೆಯಾಗುವುದಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಗಾಢ ನೀಲಿ ಚಾರ್ಟ್ ಶೀಟನ್ನು ರಟ್ಟಿಗೆ ಅಂಟಿಸಿಕೊಂಡರೆ ಸಾಕು. ಅಡಿಕೆ ಒಣಗಿಸುವ ನೀಲಿ ಟಾರ್ಪಾಲ್ ಅಂಗಳದಲ್ಲೇ ಬಿದ್ದಿರುತ್ತದಲ್ಲ ಎನ್ನಬೇಡಿ. ಟಾರ್ಪಾಲ್ ಹೊಳೆಯುತ್ತದೆ, ಹೊಳೆದ ಕಡೆ ಬಿಳಿಯಾಗುತ್ತದೆ, ಬಿಳಿ ರೋಗದ ಲೆಕ್ಕಕ್ಕೆ ಸೇರುತ್ತದೆ. ಚೌಕಟ್ಟಿನೊಳಗೆ ನೀಲಿ ಮತ್ತು ಎಲೆ ಬಿಟ್ಟು ಬೇರೇನೂ ಇರಬಾರದು. ಗರಿ ಹಿಡಿದ ಒಂದು ಬೆರಳು ಬಿದ್ದರೂ ನಮ್ಮ ಚರ್ಮದ ಬಣ್ಣ ಕಂದಿನ ಕಡೆಯದೇ ಆದ್ದರಿಂದ ಅದೂ ಚುಕ್ಕೆಯಾಗಿಬಿಡುತ್ತದೆ! ಗರಿ ಉದ್ದವಾಗಿರುವುದರಿಂದ ಮೂರು ತುಂಡು ಮಾಡಿ ಅಕ್ಕಪಕ್ಕ ಇಟ್ಟು, ಮೇಲಿನಿಂದ ನೇರವಾಗಿ ತೆಗೆಯಬೇಕು. ಫ್ಲ್ಯಾಶ್ ಬೇಡ.

ಫೋಟೊಗಳನ್ನು `ele` ಫೋಲ್ಡರಿಗೆ ಹಾಕಿ, ಹೀಗೆ ಓಡಿಸಬೇಕು:

```
cd ~/storage/shared/ele
python ~/ele.py IMG*.jpg
```

ನಿಮ್ಮ ಫೋನು ಫೋಟೊಗೆ ಬೇರೆ ಹೆಸರು ಕೊಡುತ್ತಿದ್ದರೆ `IMG` ಬದಲು ಅದರ ಮೊದಲಕ್ಷರಗಳನ್ನು ಹಾಕಿ. ಪ್ರೋಗ್ರಾಂ ಟರ್ಮಕ್ಸ್‌ನ ಸ್ವಂತ ಜಾಗದಲ್ಲಿ, ಫೋಟೊಗಳು ಹಂಚಿಕೆಯ ಜಾಗದಲ್ಲಿ ಇರಲಿ. `cannot identify image file` ಎಂದು ಬಂದರೆ ನಿಮ್ಮ ಕ್ಯಾಮೆರಾ ಹೊಸ ಬಗೆಯ ಫೈಲಿನಲ್ಲಿ ಉಳಿಸುತ್ತಿದೆ ಎಂದೇ ಹೆಚ್ಚಾಗಿ ಅರ್ಥ. ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ ಜೆಪೆಗ್ ಆಯ್ಕೆ ಮಾಡಿ ಮತ್ತೆ ತೆಗೆಯಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ತೆರೆಯುತ್ತದೆ, ಆದರೆ ಅದರಲ್ಲಿ ಬಣ್ಣವನ್ನು ಹಿಂಡಿ ಕಳಿಸಿರುತ್ತಾರೆ, ಸಣ್ಣ ಚುಕ್ಕೆಗಳ ಅಂಚು ಕಲಸಿಹೋಗುತ್ತದೆ.

ಉತ್ತರ ಹೀಗೆ ಬರುತ್ತದೆ:

```
IMG_07.jpg 142300 24700 14.8
```

ಹಸಿರು ಪಿಕ್ಸೆಲ್ 1,42,300. ಚುಕ್ಕೆಯದು 24,700. ಎರಡೂ ಸೇರಿ 1,67,000, ಅದರಲ್ಲಿ ಚುಕ್ಕೆಯ ಪಾಲು ಶೇ 14.8. ಈ ಗರಿಯನ್ನು ಕಣ್ಣಿಂದ ನೋಡಿ ಎಷ್ಟಿರಬಹುದು ಎಂದು ಮನೆಯವರನ್ನು ಕೇಳಿದ್ದೆ. ಅಮ್ಮಿ ಇಪ್ಪತ್ತೈದು ಎಂದರು, ಮಾಮು ನಲವತ್ತು. ಮಾಮು ವ್ಯಾಪಾರದವರು.

ಅಂಕಿಯನ್ನು ನಂಬುವ ಮೊದಲು ನೋಡಬೇಕಾದದ್ದು ಪಕ್ಕದಲ್ಲಿ ಹುಟ್ಟಿಕೊಳ್ಳುವ `m_IMG_07.jpg` ಎಂಬ ಚಿತ್ರವನ್ನು. ಅದರಲ್ಲಿ ಹಿನ್ನೆಲೆ ಕಪ್ಪು, ಒಳ್ಳೆಯ ಎಲೆ ಬೂದು, ರೋಗ ಎಂದು ಎಣಿಸಿದ್ದು ಬಿಳಿ. ಮೂಲ ಫೋಟೊ ಮತ್ತು ಇದನ್ನು ಒಂದಾದ ಮೇಲೊಂದು ಗ್ಯಾಲರಿಯಲ್ಲಿ ತಿರುವಿ ನೋಡಿದರೆ ಪ್ರೋಗ್ರಾಂ ಯಾವುದನ್ನು ಚುಕ್ಕೆ ಎಂದುಕೊಂಡಿದೆ ಎಂಬುದು ಬಯಲಾಗುತ್ತದೆ. ಪ್ರಯೋಗಕ್ಕೆಂದು ಒಂದೇ ಗರಿಯನ್ನು ಒರೆಸಿ ಒಮ್ಮೆ, ನೀರು ಚಿಮುಕಿಸಿ ಒಮ್ಮೆ ತೆಗೆದು ನೋಡಿದೆ. ಒಣಗಿದ್ದಾಗ 12.9 ಬಂದದ್ದು, ಒದ್ದೆಯಾದಾಗ 31.5 ಆಯಿತು. ಚಿತ್ರ ತೆರೆದರೆ ಕಾರಣ ಸ್ಪಷ್ಟ: ಗರಿಯ ನಡುನರದ ಉದ್ದಕ್ಕೂ ನೀರಿನ ಹೊಳಪು ಬಿಳಿ ಪಟ್ಟಿಯಾಗಿ ಎಣಿಕೆಯಾಗಿತ್ತು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ ಎಲೆ ಸಿಗುವುದೇ ಅಪರೂಪ, ಹಾಗಾಗಿ ಚೀಲದಲ್ಲಿ ಒಂದು ಹತ್ತಿಬಟ್ಟೆ ಇರಲೇಬೇಕು.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ತೋಟದ ಒಳಗೆ ಬೆಳಕು ಸೋಗೆಗಳ ಮೂಲಕ ಸೋಸಿ ಬರುವುದರಿಂದ ಅದೇ ಹಸಿರಾಗಿರುತ್ತದೆ. ಆ ಬೆಳಕಿನಲ್ಲಿ ತೆಗೆದರೆ ಹಳದಿ ಉಂಗುರಗಳು ಹಸಿರಿನ ಕಡೆ ಸರಿದು ರೋಗ ಕಡಿಮೆ ತೋರಿಸುತ್ತದೆ. ಅದೇ ಜಾಗದಲ್ಲಿ ಒಂದು ಬಿಳಿ ಹಾಳೆಯ ಫೋಟೊ ತೆಗೆದು ನೋಡಿ, ಹಾಳೆ ಹಸಿರು ಛಾಯೆಯಲ್ಲಿ ಕಂಡರೆ ಅಲ್ಲಿ ಅಳೆಯಬೇಡಿ. ಗರಿಗಳನ್ನು ಕೊಯ್ದು ಅಂಗಳಕ್ಕೆ ತಂದು ಮೋಡದ ಬೆಳಕಿನಲ್ಲಿ ತೆಗೆಯುವುದೇ ಸರಿ.

ಪ್ರೋಗ್ರಾಂನಲ್ಲಿ 45 ಎಂಬ ಒಂದು ಅಂಕಿ ಇದೆಯಲ್ಲ, ಅದರ ಬಗ್ಗೆ ಸ್ವಲ್ಪ ಹೇಳಬೇಕು. ಹಳದಿ ಎಲ್ಲಿ ಮುಗಿದು ಹಸಿರು ಎಲ್ಲಿ ಶುರುವಾಗುತ್ತದೆ ಎಂಬ ಗಡಿ ಅದು. ಚುಕ್ಕೆಯ ಸುತ್ತಲಿನ ಹಳದಿ ಉಂಗುರ ರೋಗವೇ, ಎಲೆಯೇ? 45 ಎಂದರೆ ಉಂಗುರವೂ ರೋಗ. ಅದನ್ನು 35 ಮಾಡಿದರೆ ಉಂಗುರ ಎಲೆಯ ಕಡೆ ಸೇರುತ್ತದೆ, ಮೇಲಿನ ಗರಿಯ 14.8 ಆಗ 9.6ಕ್ಕೆ ಇಳಿಯುತ್ತದೆ. ಎರಡರಲ್ಲಿ ಯಾವುದು ಸರಿ ಎಂಬುದು ಯಂತ್ರದ ತೀರ್ಮಾನವಲ್ಲ, ಅಳೆಯುವವರು ಮೊದಲೇ ಮಾಡಿಕೊಳ್ಳಬೇಕಾದ ಒಪ್ಪಂದ. ನಮ್ಮ ಅಕೌಂಟೆನ್ಸಿಯಲ್ಲಿ ಸವಕಳಿಯ ಪದ್ಧತಿಯನ್ನು ವರ್ಷಕ್ಕೊಂದು ಬದಲಿಸಬಾರದು ಎನ್ನುತ್ತಾರಲ್ಲ, ಹಾಗೆಯೇ. ಚೌಕಾಸಿ ಶುರುವಾದ ಮೇಲೆ ಈ ಅಂಕಿಗೆ ಕೈ ಹಾಕಿದರೆ ಅದು ಮೋಸ.

ಇನ್ನೂ ದೊಡ್ಡ ಮೋಸಕ್ಕೆ ಅವಕಾಶ ಇರುವುದು ಎಲೆ ಆರಿಸುವುದರಲ್ಲಿ. ಎಲೆಚುಕ್ಕೆ ಹೆಚ್ಚಾಗಿ ಕೆಳಗಿನ ಸೋಗೆಗಳಲ್ಲಿ ಮೊದಲು ಬಲಿಯುತ್ತದೆ. ಬಿದ್ದ ಸೋಗೆಯಿಂದಲೇ ಗರಿ ಕಿತ್ತರೆ ತೋಟ ಹಾಳಾದಂತೆ ಕಾಣುತ್ತದೆ, ಸುಳಿಯ ಹತ್ತಿರದ್ದನ್ನು ಕಿತ್ತರೆ ರೋಗವೇ ಇಲ್ಲದಂತೆ. ಆದ್ದರಿಂದ ನಾವು ಹೀಗೆ ಮಾಡಿದೆವು. ಒಂದು ಮೂಲೆಯಿಂದ ಶುರುಮಾಡಿ ಸಾಲು ಹಿಡಿದು ನಡೆದು ಪ್ರತಿ ಇಪ್ಪತ್ತನೇ ಮರಕ್ಕೆ ನಿಂತೆವು. ಮರ ಚೆನ್ನಾಗಿದೆಯೋ ಇಲ್ಲವೋ ನೋಡಲಿಲ್ಲ. ಸೋಗೆಗಳನ್ನು ಕೆಳಗಿನಿಂದ ಎಣಿಸಿ ನಡುವಿನದನ್ನು ದೋಟಿಯಿಂದ ಎಳೆದು, ಅದರ ಮಧ್ಯದ ಒಂದು ಗರಿ ತೆಗೆದುಕೊಂಡೆವು. ಸ್ಟಾಟಿಸ್ಟಿಕ್ಸ್ ಪಾಠದಲ್ಲಿ ಬರುವ ಕ್ರಮಬದ್ಧ ಮಾದರಿ ಇದೇ. ತೋಟದವರೂ ಜೊತೆಗೇ ಬಂದರು.

ಹತ್ತು ಮರದ ಹತ್ತು ಗರಿಗೆ ಬಂದ ಶೇಕಡಾ ಇವು: 4.1, 7.6, 14.8, 9.3, 12.9, 6.2, 11.0, 5.4, 18.7, 8.4. ಕೂಡಿದರೆ 98.4, ಸರಾಸರಿ 9.8. ಇಲ್ಲಿ ಒಂದು ಸೂಕ್ಷ್ಮ ಇದೆ. ದೊಡ್ಡ ಗರಿಗೆ ಹೆಚ್ಚು ತೂಕ ಕೊಟ್ಟು ತೂಕದ ಸರಾಸರಿ ತೆಗೆಯಬೇಕಲ್ಲವೇ ಎಂದು ಕಾಮರ್ಸ್‌ನವರಿಗೆ ಅನ್ನಿಸುತ್ತದೆ, ಪಿಕ್ಸೆಲ್ ಸಂಖ್ಯೆಯೂ ಕಣ್ಣೆದುರೇ ಇದೆ. ಆದರೆ ಪಿಕ್ಸೆಲ್ ಸಂಖ್ಯೆ ಗರಿಯ ಗಾತ್ರ ಹೇಳುವುದು ಎಲ್ಲ ಫೋಟೊಗಳನ್ನೂ ಒಂದೇ ಎತ್ತರದಿಂದ ತೆಗೆದಿದ್ದರೆ ಮಾತ್ರ. ಕೈಯಲ್ಲಿ ಹಿಡಿದು ತೆಗೆದಾಗ ಹತ್ತಿರ ಹೋದ ಫೋಟೊದಲ್ಲಿ ಸಣ್ಣ ಗರಿಯೂ ದೊಡ್ಡದಾಗುತ್ತದೆ. ಎತ್ತರ ಬದಲಾದರೂ ಶೇಕಡಾ ಬದಲಾಗುವುದಿಲ್ಲ, ಹಾಗಾಗಿ ಶೇಕಡಾಗಳ ಸರಳ ಸರಾಸರಿಯೇ ಸಾಕು.

ಸರಾಸರಿಯ ಜೊತೆಗೆ 4.1ರಿಂದ 18.7ರವರೆಗೆ ಹರಡಿರುವುದನ್ನೂ ಹೇಳಬೇಕು. ಹತ್ತೇ ಮರದ ಮೇಲೆ 9.8 ಎಂದು ದಶಾಂಶ ಸಮೇತ ವಾದಿಸುವುದು ಹಾಸ್ಯಾಸ್ಪದ. "ನಡುವಿನ ಸೋಗೆಯಲ್ಲಿ ಹತ್ತರ ಹತ್ತಿರ" ಎಂದರೆ ಸರಿಯಾದ ಮಾತು. ಮಾಮುವಿನ "ಅರ್ಧ"ವೂ ತೋಟದವರ "ನಾಲ್ಕು ಚುಕ್ಕೆ"ಯೂ ಆ ಸಂಜೆ ಮಾತಿನಿಂದ ಹೊರಗೆ ಹೋದವು. ಬೆಲೆಯ ಮಾತು ಮುಂದುವರಿಯಿತು, ಬೇರೆ ವಿಷಯಗಳ ಮೇಲೆ.

ಏಕೆಂದರೆ ಈ ಅಂಕಿ ಫಸಲು ಎಷ್ಟು ಕಡಿಮೆಯಾಗುತ್ತದೆ ಎಂದು ಹೇಳುವುದಿಲ್ಲ. ಹತ್ತು ಶೇಕಡಾ ಎಲೆ ಕೆಟ್ಟರೆ ಹತ್ತು ಶೇಕಡಾ ಅಡಿಕೆ ಹೋಯಿತು ಎಂದಲ್ಲ. ರೋಗ ಯಾವುದು ಎಂದೂ ಇದಕ್ಕೆ ಗೊತ್ತಿಲ್ಲ. ಎಲೆಚುಕ್ಕೆಗೆ ಕೊಲೆಟೋಟ್ರೈಕಮ್‌ನಂಥ ಶಿಲೀಂಧ್ರಗಳು ಕಾರಣ. ಆದರೆ ಕೊಪ್ಪ, ಶೃಂಗೇರಿ ಕಡೆ ಹಲವು ದಶಕಗಳಿಂದ ಇರುವ ಹಳದಿ ಎಲೆ ರೋಗ ಬೇರೆಯೇ, ಅದರಲ್ಲಿ ಗರಿಗಳು ತುದಿಯಿಂದ ಹಳದಿಯಾಗುತ್ತ ಬರುತ್ತವೆ. ಹಳದಿ 42, ನಮ್ಮ ಗಡಿ 45, ಹಾಗಾಗಿ ಹಳದಿ ರೋಗದ ಗರಿಯನ್ನು ಕೊಟ್ಟರೆ ಪ್ರೋಗ್ರಾಂ ಯಾವ ಅಳುಕೂ ಇಲ್ಲದೆ 60 ಎಂದೋ 70 ಎಂದೋ ಹೇಳಿಬಿಡುತ್ತದೆ. ಇದನ್ನೂ `m_` ಚಿತ್ರದಲ್ಲೇ ಗುರುತಿಸಬಹುದು. ಎಲೆಚುಕ್ಕೆಯಾದರೆ ಬಿಳಿ ಭಾಗ ಚೆದುರಿದ ಚುಕ್ಕೆಗಳಾಗಿರುತ್ತದೆ, ಹಳದಿ ರೋಗವಾದರೆ ತುದಿಯಿಂದ ಒಂದೇ ಹಾಸಾಗಿ ಬರುತ್ತದೆ. ಅನುಮಾನವಿದ್ದರೆ ಗರಿಯನ್ನೇ ತೋಟಗಾರಿಕೆ ಇಲಾಖೆಗೋ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತೆಗೆದುಕೊಂಡು ಹೋಗಬೇಕು.

ಒಂದೇ ತೋಟವನ್ನು ಮತ್ತೆ ಮತ್ತೆ ಅಳೆಯುವುದಕ್ಕೆ ಇದು ಹೆಚ್ಚು ಉಪಯೋಗ ಎಂದು ನನಗೆ ಅನ್ನಿಸುತ್ತದೆ. ಅದೇ ಹತ್ತು ಮರಕ್ಕೆ ಬಣ್ಣದ ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ಅದೇ ನಡುವಿನ ಸೋಗೆಯಿಂದ ಒಂದೊಂದು ಗರಿ ತೆಗೆದು, ಉತ್ತರವನ್ನು ಪರದೆಯ ಬದಲು ಫೈಲಿಗೆ ಕಳಿಸಿದರೆ ಲೆಕ್ಕದ ಪುಸ್ತಕ ತಾನೇ ಬೆಳೆಯುತ್ತದೆ:

```
python ~/ele.py IMG*.jpg >> lekka.txt
```

ಎರಡು ಬಾಣ ಹಾಕಿದರೆ ಹಳೆಯದರ ಕೆಳಗೆ ಹೊಸದು ಸೇರುತ್ತದೆ. ಒಂದೇ ಹಾಕಿದರೆ ಹಳೆಯದು ಅಳಿಸಿಹೋಗುತ್ತದೆ, ನೋಡಿಕೊಳ್ಳಿ. ಪ್ರತಿ ಸಲದ ಫೋಟೊಗಳನ್ನು ಬೇರೆ ಫೋಲ್ಡರಿಗೆ ಸರಿಸಿ ಮುಂದಿನ ಸಲಕ್ಕೆ `ele`ಯನ್ನು ಖಾಲಿ ಮಾಡಬೇಕು, ಇಲ್ಲದಿದ್ದರೆ ಹಳೆಯ ಗರಿಗಳು ಎರಡನೇ ಸಲವೂ ಲೆಕ್ಕಕ್ಕೆ ಬರುತ್ತವೆ. ಔಷಧಿ ಹೊಡೆದ ಸಾಲು, ಹೊಡೆಯದ ಸಾಲು ಎಂದು ಎರಡು ಫೋಲ್ಡರ್ ಮಾಡಿದರೆ ಎರಡರ ವ್ಯತ್ಯಾಸವೂ ಕಾಣುತ್ತದೆ. ನಾವು ಗುರುತು ಹಾಕಿದ ಮರಗಳ ಎರಡನೇ ಅಳತೆ ಈ ತಿಂಗಳ ಕೊನೆಗೆ ಇದೆ. ನೀಲಿ ಚಾರ್ಟ್ ಶೀಟ್ ಮೊದಲ ಮಳೆಗೇ ಮೆತ್ತಗಾಗಿದ್ದರಿಂದ ಹೊಸದು ತರಬೇಕಾಗಿದೆ.